ಸಹಾಯ ಬೇಕು: 30 ದಿನದ ವಿದೇಶ ಪ್ರವಾಸಕ್ಕೆ ಎಷ್ಟು ಡೇಟಾ ಕೊಳ್ಳಲಿ?

ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ನಾನು, ಅಮ್ಮ ಇಬ್ಬರೂ ಎರಡು ದೇಶ ಸುತ್ತಲು ಹೊರಟಿದ್ದೇವೆ. ಒಂದೊಂದರಲ್ಲಿ 15 ದಿನ.

ಖರ್ಚು ಅಂದಾಜು ಮಾಡಲು ಮನೆಯಲ್ಲೇ ಒಂದು ವಾರ ಫೋನಿನ ಡೇಟಾ ಲೆಕ್ಕ ನೋಡಿದೆ. ಮ್ಯಾಪ್, ಮೆಸೇಜು, ಹುಡುಕಾಟ ಎಲ್ಲಾ ಸೇರಿ ದಿನಕ್ಕೆ ಸುಮಾರು 300 ಎಂಬಿ. ರಾತ್ರಿಯ ಅರ್ಧ ಗಂಟೆ ವಿಡಿಯೋ ಕಾಲಿಗೆ ಇನ್ನೊಂದು 300. ಅಂದರೆ ತಿಂಗಳಿಗೆ 18 ಜಿಬಿ. ಕಾಲನ್ನು ರೂಮಿನ ವೈಫೈನಲ್ಲಿ ಮಾಡಿದರೆ 9 ಜಿಬಿ ಸಾಕು, ಅಲ್ವಾ? ಫೋಟೋ ಬ್ಯಾಕಪ್ಪನ್ನು ವೈಫೈಗೆ ಮಾತ್ರ ಬಿಟ್ಟಿದ್ದೇನೆ.

ಬ್ಯಾಂಕ್ ಒಟಿಪಿಗೆ ನಮ್ಮ ಸಿಮ್ ಫೋನಿನಲ್ಲೇ ಇರಬೇಕು. ಅದರ ಡೇಟಾ ರೋಮಿಂಗ್ ಆಫ್ ಮಾಡಿ, ಇ-ಸಿಮ್‌ನಲ್ಲಿ ಡೇಟಾ ಬಳಸುವ ಯೋಚನೆ. ಅಮ್ಮನ ಹಳೇ ಫೋನಿಗೆ ಇ-ಸಿಮ್ ಆಗಲ್ಲ, ಹಾಗಾಗಿ ನನ್ನ ಹಾಟ್‌ಸ್ಪಾಟೇ ಗತಿ.

ಎರಡೂ ದೇಶಕ್ಕೆ ಒಂದೇ ಪ್ಲಾನ್ ಒಳ್ಳೆಯದೋ, ಅಲ್ಲಲ್ಲೇ ಸಿಮ್ ಕೊಳ್ಳುವುದೋ? ಕೆಲವು ಪ್ಲಾನ್‌ಗಳ ಅವಧಿ ಇನ್‌ಸ್ಟಾಲ್ ಮಾಡಿದ ಕ್ಷಣದಿಂದಲೇ ಶುರುವಾಗುತ್ತದೆ, ಕೆಲವು ಅಲ್ಲಿನ ನೆಟ್‌ವರ್ಕ್ ಹಿಡಿದ ಮೇಲೆ. ಕೊಳ್ಳುವ ಮೊದಲು ಇದನ್ನೂ ಹಾಟ್‌ಸ್ಪಾಟ್ ಮಿತಿಯನ್ನೂ ನೀವು ಹೇಗೆ ಖಚಿತ ಮಾಡಿಕೊಂಡಿರಿ? ತಿಂಗಳುಗಟ್ಟಲೆ ಸುತ್ತಿದವರು ದಯವಿಟ್ಟು ತಿಳಿಸಿ.