0.6 ಇಟ್ಟರೆ ತಂಗಿಗೂ ಬಾಗಿಲು ತೆರೆಯುತ್ತದೆ, 0.45 ಇಟ್ಟರೆ ಹಿರಿಯ ಸದಸ್ಯರಿಗೇ ತೆರೆಯುವುದಿಲ್ಲ

ಕೀಲುಬಾಗಿಲು:
ನಮ್ಮ ಹವ್ಯಾಸಿ ಗುಂಪಿನ ಕೋಣೆಗೆ ಮುಖ ನೋಡಿ ತೆರೆಯುವ ಬೀಗ ಮಾಡಿದ್ದೇನೆ. ಪೈಥಾನ್‌ನ `face_recognition` ಬಳಸಿದ್ದೇನೆ. ಸದಸ್ಯರು 11 ಜನ, ತಲಾ 3 ಫೋಟೋ. ಎರಡು ಮುಖಗಳ ನಡುವೆ ಎಷ್ಟು ವ್ಯತ್ಯಾಸದವರೆಗೆ ಒಪ್ಪಬೇಕು ಎಂಬ ಮಿತಿ `tolerance` ಮೊದಲಿನಂತೆ 0.6 ಇದ್ದಾಗ ಸದಸ್ಯಳೇ ಅಲ್ಲದ ನನ್ನ ತಂಗಿ ಬಂದಳು, ನನ್ನ ಹೆಸರಲ್ಲಿ ಬಾಗಿಲು ತೆರೆಯಿತು. 0.45ಕ್ಕೆ ಇಳಿಸಿದೆ. ಈಗ ಕನ್ನಡಕ ಹಾಕುವ ಹಿರಿಯ ಸದಸ್ಯರೊಬ್ಬರು ಸಂಜೆ ಹೊತ್ತು ಹೊರಗೇ ನಿಲ್ಲಬೇಕಾಗಿದೆ. ಸರಿಯಾದ ಸಂಖ್ಯೆ ಯಾವುದು?

ವೇಗದೂತ:
0.6 ಬಿಟ್ಟು ಬೇರೆ ಇಡಬೇಡಿ. ಆ ಮಾಡೆಲ್ ಎಲ್‌ಎಫ್‌ಡಬ್ಲ್ಯು ಪರೀಕ್ಷೆಯಲ್ಲಿ ಶೇ. 99.38 ಸರಿ ಉತ್ತರ ಕೊಟ್ಟಿದೆ. ತಪ್ಪು ನಿಮ್ಮ ಕ್ಯಾಮೆರಾದ್ದೇ.

ಹೊಸಚಿಗುರು:
ತಂಗಿ ಒಳಗೆ ಬಂದರೆ ಥ್ರೆಶೋಲ್ಡ್ ಏರಿಸಬೇಕು, ಇಳಿಸುವುದಲ್ಲ. ನಾನು 0.3ರಿಂದ 0.4ಕ್ಕೆ ಏರಿಸಿದ ಮೇಲೆ ಸರಿಯಾಯಿತು.

ಹಳೆಸಂಕೇತ:
ಹೊಸಚಿಗುರು, ನಿಮ್ಮ ಮಾಡೆಲ್ ಕೊಡುವುದು ಹೋಲಿಕೆಯ ಅಂಕ, ಹೆಚ್ಚಾದಷ್ಟು ಒಂದೇ ಮುಖ. ಇವರದು ಕೊಡುವುದು ದೂರ, ಕಡಿಮೆಯಾದಷ್ಟು ಒಂದೇ ಮುಖ. ದಿಕ್ಕೇ ತಿರುಗುಮುರುಗು.

ವೇಗದೂತ ಹೇಳಿದ ಅಂಕಿ ನಿಜ. ಆದರೆ ಅಲ್ಲಿ ಕೇಳುವುದು "ಈ ಎರಡು ಫೋಟೋ ಒಬ್ಬರದೇನಾ?" ಎಂದು ಮಾತ್ರ. ಈ ಬೀಗ ಪ್ರತಿ ಸಲ 33 ಫೋಟೋಗಳ ಜೊತೆ ಹೋಲಿಸುತ್ತದೆ. ತಪ್ಪಿ ಹೊಂದಿಕೆಯಾಗಲು 33 ಅವಕಾಶ ಸಿಕ್ಕಂತಾಯಿತು ಅಲ್ವಾ?

ಕೀಲುಬಾಗಿಲು, ಸಂಖ್ಯೆಯನ್ನು ಬೇರೆಯವರಿಂದ ಕೇಳಬೇಡಿ, ಅಳೆದು ನೋಡಿ. ತಂಗಿಯನ್ನೂ ಸೇರಿಸಿ 12 ಜನರ ತಲಾ 10 ಫೋಟೋ, ಬೇರೆ ಬೇರೆ ದಿನ, ಬಾಗಿಲ ಕ್ಯಾಮೆರಾದಿಂದಲೇ ತೆಗೆಯಿರಿ. ಪ್ರತಿ ಜೋಡಿಯ ದೂರ ಬರೆದುಕೊಳ್ಳಿ. ಒಬ್ಬರವೇ ಆದ ಜೋಡಿ 540, ಬೇರೆಯವರ ಜೋಡಿ 6600 ಬರುತ್ತವೆ. ಮೊದಲ ಗುಂಪಿನಲ್ಲಿ ಎಷ್ಟು ತಿರಸ್ಕಾರವಾಯಿತು, ಎರಡನೆಯದರಲ್ಲಿ ಎಷ್ಟು ತಪ್ಪಿ ಹೊಂದಿತು ಎಂದು ಎಣಿಸಿ.

ಕೀಲುಬಾಗಿಲು:
ಎರಡು ವಾರ ಹಿಡಿಯಿತು. ಬಂದದ್ದು ಇದು:

```
0.60  ತಿರಸ್ಕಾರ 3/540    ತಪ್ಪು ಹೊಂದಿಕೆ 95/6600
0.50  ತಿರಸ್ಕಾರ 24/540   ತಪ್ಪು ಹೊಂದಿಕೆ 9/6600
0.45  ತಿರಸ್ಕಾರ 70/540   ತಪ್ಪು ಹೊಂದಿಕೆ 1/6600
```

0.5 ಪರವಾಗಿಲ್ಲ ಅನಿಸುತ್ತದೆ.

ಹಳೆಸಂಕೇತ:
ಆ 9 ಮತ್ತು 24 ಯಾರ ಯಾರವು?

ಕೀಲುಬಾಗಿಲು:
9ರಲ್ಲಿ 8 ನಾನು ಮತ್ತು ತಂಗಿ! 24ರಲ್ಲಿ 17 ಆ ಹಿರಿಯರದು, ಎಲ್ಲದರಲ್ಲೂ ಒಂದು ಫೋಟೋ ಸಂಜೆಯದು.

ಹಳೆಸಂಕೇತ:
ನೋಡಿ, ಒಟ್ಟು ಲೆಕ್ಕ ಇದನ್ನು ಮುಚ್ಚಿಟ್ಟಿತ್ತು. ನೀವಿಬ್ಬರ ಜೋಡಿಗಳು 100, ಅದರಲ್ಲಿ 8 ತಪ್ಪು. ನಿಮ್ಮ ಫೋಟೋ ಮೂರಿವೆ. ಅಂದರೆ 0.5ರಲ್ಲಿ ತಂಗಿ ನಾಲ್ಕೈದು ಸಲ ಬಂದರೆ ಒಮ್ಮೆ ಬಾಗಿಲು ತೆರೆಯಬಹುದು. ಉಳಿದವರಲ್ಲಿ 6500 ಜೋಡಿಗೆ ಒಂದೇ ತಪ್ಪು. 33 ಫೋಟೋ ಲೆಕ್ಕ ಹಿಡಿದರೆ ಹೊರಗಿನವರಿಗೆ ಸುಮಾರು 200 ಸಲಕ್ಕೆ ಒಮ್ಮೆ. ಆದರೆ ಒಂದೇ ಒಂದು ತಪ್ಪಿನ ಮೇಲೆ ಕಟ್ಟಿದ ಲೆಕ್ಕ ಅದು, ಗಟ್ಟಿ ಎಂದು ನಂಬಬೇಡಿ.

ಹಿರಿಯರ ವಿಷಯ ಬೇರೆ. ಅಲ್ಲಿ ಥ್ರೆಶೋಲ್ಡ್ ಮುಟ್ಟಲೇಬಾರದು. ಅವರಿಗಾಗಿ ಅದನ್ನು ಸಡಿಲಿಸಿದರೆ ಎಲ್ಲರಿಗೂ ಸಡಿಲವಾಗುತ್ತದೆ. ಬಾಗಿಲ ಮುಂದೆ ದೀಪ ಹಾಕಿ, ಕನ್ನಡಕ ಹಾಕಿದ ಅವರ ಸಂಜೆಯ ಫೋಟೋ ಒಂದೆರಡು ಸೇರಿಸಿ. ಆಗ ಅವರ ದೂರವೇ ಇಳಿಯುತ್ತದೆ. ಸುಮ್ನೆ ಹತ್ತಾರು ಸೇರಿಸಬೇಡಿ, ಪ್ರತಿ ಹೊಸ ಫೋಟೋ ತಪ್ಪು ಹೊಂದಿಕೆಗೂ ಒಂದು ಹೊಸ ಅವಕಾಶ.

ಹೊಂದಿದ ಮೊದಲ ಮುಖವನ್ನೇ ಆರಿಸುವ ಕೋಡ್ ಇದ್ದರೆ ಬದಲಿಸಿ. ಇಲ್ಲದಿದ್ದರೆ ದಾಖಲೆಯಲ್ಲಿ ತಪ್ಪು ಹೆಸರು ಬೀಳಬಹುದು:

```python
d = face_recognition.face_distance(known, probe)
i = d.argmin()
ok = d[i] <= 0.5
```

ಮಣ್ಣಿನಹಾದಿ:
ನಾನು ಮಕ್ಕಳ ಆಟದ ಕೋಣೆಗೆ ಇದನ್ನೇ ಹಾಕಿ ಸೋತೆ. ಈ ಮಾಡೆಲ್ ಮಕ್ಕಳ ಮುಖಗಳನ್ನು ಬಹಳ ಬೆರೆಸುತ್ತದೆ. ಯಾವ ಸಂಖ್ಯೆಯೂ ಕೂಡಿಬರಲಿಲ್ಲ. ನಿಮ್ಮಲ್ಲಿ ಮಕ್ಕಳಿದ್ದಾರಾ?

ಕೀಲುಬಾಗಿಲು:
ಇಲ್ಲ, ಎಲ್ಲ ದೊಡ್ಡವರೇ. ದೀಪ ಹಾಕಿ ಎರಡು ಫೋಟೋ ಸೇರಿಸಿದೆ. 0.5ರಲ್ಲೇ ಹಿರಿಯರು ಸಂಜೆ 20 ಸಲ ನಿಂತು ನೋಡಿದರು, ಒಂದು ಸಲ ಮಾತ್ರ ತಿರಸ್ಕಾರ. ಇನ್ನು ಮೂರು ಸಲ ಪ್ರಯತ್ನಿಸಲು ಬಿಟ್ಟರೆ ಅದೂ ಹೋಗುತ್ತದಲ್ವಾ?

ಹಳೆಸಂಕೇತ:
ಹೋಗುತ್ತದೆ, ಆದರೆ ತಂಗಿಗೂ ಮೂರು ಸಲ ಸಿಗುತ್ತದೆ. ಎರಡೇ ಸಲ ಕೊಡಿ. ನಿಮ್ಮ ಹೆಸರು ಬಂದಾಗ ಮಾತ್ರ ನಾಲ್ಕಂಕಿಯ ಪಿನ್ ಕೇಳಿಸಿ.

ವೇಗದೂತ:
ಒಬ್ಬರಿಗೆ ಮಾತ್ರ ಪಿನ್ ಯಾಕೆ? ಅವರೊಬ್ಬರಿಗೆ ಥ್ರೆಶೋಲ್ಡ್ 0.4 ಇಟ್ಟರೆ ಆಗಲ್ವಾ?

ಹಳೆಸಂಕೇತ:
ಆಗಬಹುದು. ಆದರೆ ಆಗ ಅವರೇ ಎಷ್ಟು ಸಲ ಹೊರಗೆ ನಿಲ್ಲುತ್ತಾರೆ ಎಂಬುದು ಅವರ 45 ಜೋಡಿಗಳನ್ನು ನೋಡಿದರಷ್ಟೇ ತಿಳಿಯುತ್ತದೆ.

ಕೀಲುಬಾಗಿಲು:
0.4ರ ಲೆಕ್ಕ ತೆಗೆದಿರಲಿಲ್ಲ. ಈ ಶನಿವಾರ ತೆಗೆದು ಹಾಕುತ್ತೇನೆ. ಅಲ್ಲಿಯವರೆಗೆ ನನಗೆ ಪಿನ್ ಇರಲಿ.