ಕನ್ನಡಕದ ಕೀಲಿನ ಸ್ಕ್ರೂ ತಲೆ ಸವೆದಿದೆ, ರಬ್ಬರ್ ಬ್ಯಾಂಡ್ ಇಟ್ಟರೂ ಬರ್ತಿಲ್ಲ

ಹೊಸನಗರ_ತೋಟ:
ಎರಡು ದಿನದಿಂದ ತಲೆ ಕೆಟ್ಟು ಹೋಗಿದೆ. ಕನ್ನಡಕದ ಎಡಗಡೆ ಕಡ್ಡಿ ಲೊಡಲೊಡ ಅಂತಿತ್ತು. ಬಿಗಿ ಮಾಡಲು ಹೋಗಿ ಸ್ಕ್ರೂ ತಲೆಯ ಗೀರು ಸವೆಸಿಬಿಟ್ಟೆ. ಹಳೆಯದನ್ನು ತೆಗೆದು ಹೊಸದು ಹಾಕೋಣ ಅಂದರೆ ಡ್ರೈವರ್ ಸುಮ್ನೆ ಜಾರುತ್ತದೆ. ರಬ್ಬರ್ ಬ್ಯಾಂಡ್ ಇಟ್ಟು ತಿರುಗಿಸಿ ಅಂತ ಎಲ್ಲರೂ ಹೇಳ್ತಾರೆ. ಇಟ್ಟೆ, ರಬ್ಬರ್ ಹರಿಯಿತು, ಸ್ಕ್ರೂ ಅಲ್ಲಾಡಲಿಲ್ಲ. ಚಿಮಟದಲ್ಲಿ ಹಿಡಿಯಲು ತಲೆ ಮೇಲೆ ಬಂದೇ ಇಲ್ಲ. ಈ ಮಳೆಯಲ್ಲಿ ಒಂದು ಸ್ಕ್ರೂಗೋಸ್ಕರ ಶಿವಮೊಗ್ಗಕ್ಕೆ ಹೋಗಿ ಬರುವುದು ಅಂದರೆ ಒಂದು ದಿನ ಹಾಳು. ಏನು ಮಾಡಲಿ?

ಮೇಷ್ಟ್ರು_ಸಾಗರ:
ತೋಟದವರು ಅಂತೀರಿ. ಔಷಧಿ ಹೊಡೆಯುವಾಗ ಇದೇ ಕನ್ನಡಕ ಹಾಕಿದ್ರಾ? ಹಾಗಿದ್ದರೆ ಮೈಲುತುತ್ತದ ಕೆಲಸ. ಕಬ್ಬಿಣಕ್ಕೂ ಮೈಲುತುತ್ತಕ್ಕೂ ಆಗಿಬರುವುದಿಲ್ಲ, ತಿಂದುಹಾಕುತ್ತದೆ. ಕೀಲಿಗೆ ಕೊಬ್ಬರಿ ಎಣ್ಣೆ ಬಿಟ್ಟು ರಾತ್ರಿಯಿಡೀ ಇಡಿ.

ಹೊಸನಗರ_ತೋಟ:
ಹೌದು ಸರ್, ಕೊಳೆ ರೋಗಕ್ಕೆ ಹೊಡೆಸುವಾಗ ಹಾಕಿದ್ದೆ. ಎಣ್ಣೆ ಬಿಟ್ಟು ನೋಡ್ತೇನೆ.

ಗಡಿಯಾರ_ರಿಪೇರಿ:
ಬೋರ್ಡೋದಲ್ಲಿ ಸುಣ್ಣ ಸರಿಯಾಗಿ ಬಿದ್ದಿದ್ದರೆ ಅಷ್ಟು ಬೇಗ ತಿನ್ನುವುದಿಲ್ಲ ಮೇಷ್ಟ್ರೇ. ಬರಿ ಮೈಲುತುತ್ತದ ನೀರಾದರೆ ನಿಮ್ಮ ಮಾತು ಸರಿ.
ಹೊಸನಗರದವರೇ, ಮೊದಲು ಮೂರು ವಿಷಯ ಹೇಳಿ. ಫ್ರೇಮ್ ಲೋಹದ್ದೋ ಪ್ಲಾಸ್ಟಿಕ್ಕೋ? ಕಡ್ಡಿಯನ್ನು ಹೊರಗೆ ಅಗಲಿಸಿದರೆ ಸ್ಪ್ರಿಂಗ್ ಥರ ವಾಪಸ್ ಬರುತ್ತದಾ? ಯಾವ ರಬ್ಬರ್ ಬ್ಯಾಂಡ್ ಇಟ್ಟಿರಿ?

ಹೊಸನಗರ_ತೋಟ:
ಲೋಹದ್ದು. ಸ್ಪ್ರಿಂಗ್ ಇಲ್ಲ. ರಬ್ಬರ್ ಬ್ಯಾಂಡ್ ಅಂದರೆ ರಬ್ಬರ್ ಬ್ಯಾಂಡ್, ಹಾಲಿನ ಪ್ಯಾಕೆಟ್‌ಗೆ ಹಾಕೋದು. ಅದರಲ್ಲೇನು ಬೇರೆ ಬೇರೆ?

ಕೊಪ್ಪ_ಕಾಫಿ:
ನನಗೂ ಹೀಗೇ ಆಗಿತ್ತು. ಗ್ಲಾಸ್ ಕಳಚಿ ಬೀಳ್ತಿತ್ತು. ಸ್ಕ್ರೂ ಒಂದು ಸುತ್ತು ಬಿಗಿ ಮಾಡಿದೆ, ಸರಿ ಹೋಯ್ತು. ಇಷ್ಟೇ ವಿಷಯಕ್ಕೆ ಯಾಕೆ ಒದ್ದಾಟ?

ಗಡಿಯಾರ_ರಿಪೇರಿ:
ಅದು ಗ್ಲಾಸ್ ಸುತ್ತಲಿನ ಉಂಗುರವನ್ನು ಹಿಡಿಯುವ ಸ್ಕ್ರೂ, ಕಡ್ಡಿ ಮಡಚುವುದಲ್ಲ. ಅಕ್ಕಪಕ್ಕ ಇರುವುದರಿಂದ ಗೊಂದಲ ಆಗುತ್ತದೆ.

ರಬ್ಬರ್ ವಿಷಯಕ್ಕೆ ಬರುತ್ತೇನೆ. ಕನ್ನಡಕದ ಸ್ಕ್ರೂ ಸಾಮಾನ್ಯವಾಗಿ 1.2ರಿಂದ 1.6 ಮಿಲಿಮೀಟರ್ ದಪ್ಪ. ತಲೆ ಹೆಚ್ಚುಕಮ್ಮಿ 2 ಮಿಲಿಮೀಟರ್. ಹಾಲಿನ ಪ್ಯಾಕೆಟ್ಟಿನ ರಬ್ಬರೇ ಒಂದು ಮಿಲಿಮೀಟರ್ ದಪ್ಪ ಇರುತ್ತದೆ. ಅದನ್ನಿಟ್ಟರೆ ಡ್ರೈವರ್ ಗೀರಿನೊಳಗೆ ಇಳಿಯುವುದೇ ಇಲ್ಲ, ರಬ್ಬರ್ ಮೇಲೆ ತೇಲುತ್ತದೆ. ಬಾಗಿಲಿನ ಸ್ಕ್ರೂಗೆ ಆಗುವುದು ಇದಕ್ಕೆ ಆಗುವುದಿಲ್ಲ. ಬಲೂನ್ ಅಥವಾ ತೆಳು ಕೈಗವಸಿನ ತುಂಡು ಬೇಕು, ಒಂದೇ ಪದರ. ಅದು ಸವೆದ ಜಾಗದಲ್ಲಿ ತುಂಬಿಕೊಂಡು ಡ್ರೈವರ್‌ಗೆ ಹಿಡಿತ ಕೊಡುತ್ತದೆ.

ಆದರೆ ರಬ್ಬರ್ ಕೊಡುವುದು ತಲೆಗೆ ಹಿಡಿತ ಮಾತ್ರ. ಒಳಗೆ ಮರೆ ಕಚ್ಚಿಕೊಂಡಿದ್ದರೆ ರಬ್ಬರ್ ಹರಿಯುತ್ತದೆ ಅಷ್ಟೆ. ನಿಮಗೆ ಆಗಿದ್ದೂ ಅದೇ ಇರಬಹುದು.

ಮೇಷ್ಟ್ರು_ಸಾಗರ:
ಅದನ್ನೇ ನಾನೂ ಹೇಳಿದ್ದು, ಮೈಲುತುತ್ತದಿಂದ ಕಚ್ಚಿದೆ. ಎಣ್ಣೆ ಎರಡು ರಾತ್ರಿ ಇಡಿ. ಇನ್ನೊಂದು ವಿಷಯ, ಎಡಗಡೆ ಕಡ್ಡಿಗೆ ಉಲ್ಟಾ ಮರೆ ಇರುತ್ತದೆ. ಸೈಕಲ್ಲಿನ ಎಡ ಪೆಡಲ್ ಥರ. ನೀವು ತೆಗೆಯುತ್ತೇನೆ ಅಂತ ಬಿಗಿ ಮಾಡ್ತಿದ್ದೀರೇನೋ.

ಗಡಿಯಾರ_ರಿಪೇರಿ:
ಸೈಕಲ್ ಪೆಡಲ್ ಮಾತು ಸರಿ. ಕನ್ನಡಕಕ್ಕೆ ಹಾಗಿಲ್ಲ. ಎರಡೂ ಕಡೆ ಒಂದೇ ಮರೆ, ತಲೆಯ ಕಡೆಯಿಂದ ನೋಡಿದಾಗ ಗಡಿಯಾರದ ಮುಳ್ಳಿಗೆ ವಿರುದ್ಧ ತಿರುಗಿಸಿದರೆ ಬಿಡುತ್ತದೆ.

ಮೇಷ್ಟ್ರು_ಸಾಗರ:
ನನ್ನ ಹಳೇ ಕನ್ನಡಕದಲ್ಲಿ ಉಲ್ಟಾನೇ ಇತ್ತು. ಇಪ್ಪತ್ತು ವರ್ಷ ಹಾಕಿದ್ದೇನೆ.

ಗಡಿಯಾರ_ರಿಪೇರಿ:
ಕಡ್ಡಿ ಕೆಳಮುಖ ಮಾಡಿ ನೋಡಿರಬಹುದು. ಸ್ಕ್ರೂವಿನ ತುದಿ ಕಡೆಯಿಂದ ನೋಡಿದರೆ ದಿಕ್ಕು ಉಲ್ಟಾ ಕಾಣುತ್ತದೆ.

ಮೇಷ್ಟ್ರು_ಸಾಗರ:
ತಲೆ ಯಾವುದು ತುದಿ ಯಾವುದು ಅಂತ ಗೊತ್ತಾಗದಷ್ಟು ದಡ್ಡನಲ್ಲ.

ಹೊಸನಗರ_ತೋಟ:
ನಿಮ್ಮಿಬ್ಬರ ಜಗಳ ಆಮೇಲೆ ಇಟ್ಕೊಳ್ಳಿ ಮಾರಾಯ್ರೆ. ಎಣ್ಣೆ ಎರಡು ರಾತ್ರಿ ಇಟ್ಟೆ, ಏನೂ ಆಗಿಲ್ಲ. ಬಲೂನ್ ಇಟ್ಟಾಗ ಡ್ರೈವರ್ ಕೂತಿದ್ದು ಗೊತ್ತಾಯ್ತು. ಆದರೆ ಅಲ್ಲಾಡಲಿಲ್ಲ.

ಗಡಿಯಾರ_ರಿಪೇರಿ:
ಒಂದು ಪರೀಕ್ಷೆ ಮಾಡಿ. ಸ್ಕ್ರೂ ತಲೆಯ ಅಂಚಿಗೆ ಸ್ಕೆಚ್ ಪೆನ್ನಿನಲ್ಲಿ ಚುಕ್ಕಿ ಇಡಿ. ಕಡ್ಡಿಯನ್ನು ತೆರೆದು ಮುಚ್ಚಿ. ಚುಕ್ಕಿ ಕಡ್ಡಿಯ ಜೊತೆ ತಿರುಗಿದರೆ ಸ್ಕ್ರೂ ಕಡ್ಡಿಯ ಬಳೆಗೆ ಅಂಟಿದೆ. ನಿಂತಲ್ಲೇ ನಿಂತರೆ ಫ್ರೇಮಿನ ಬಳೆಯಲ್ಲಿ, ಬಹುಶಃ ಕೆಳಗಿನ ಮರೆಯಲ್ಲಿ ಕಚ್ಚಿದೆ. ಕೀಲಿನ ಕೆಳತುದಿಯಲ್ಲಿ ಹಸಿರು ಪುಡಿ ಕಾಣುತ್ತದಾ ಅಂತಲೂ ನೋಡಿ.

ಹೊಸನಗರ_ತೋಟ:
ಚುಕ್ಕಿ ನಿಂತಲ್ಲೇ ಇದೆ, ಕಡ್ಡಿ ಸಲೀಸಾಗಿ ಆಡುತ್ತದೆ. ಹಸಿರೇನೂ ಇಲ್ಲ. ಕೆಳಗೆ ಬೆಳ್ಳಗೆ ಗಟ್ಟಿಯಾಗಿ ಏನೋ ಇದೆ. ಅದು ಫೆವಿಕ್ವಿಕ್. ಯುಗಾದಿ ಹೊತ್ತಿಗೆ ಸ್ಕ್ರೂ ಬಿಚ್ಚಿಕೊಳ್ತಿತ್ತು ಅಂತ ಕೆಳಗಿಂದ ಒಂದು ಹನಿ ಹಾಕಿದ್ದೆ.

ಕೊಪ್ಪ_ಕಾಫಿ:
😂😂 ಇದನ್ನು ಈಗ ಹೇಳ್ತಿದ್ದೀರಾ!

ಹೊಸನಗರ_ತೋಟ:
ಯಾರೂ ಕೇಳಲಿಲ್ಲವಲ್ಲ.

ಗಡಿಯಾರ_ರಿಪೇರಿ:
ಸರಿ, ಈಗ ದಾರಿ ಸಿಕ್ಕಿತು. ಆ ಅಂಟಿಗೆ ಕೊಬ್ಬರಿ ಎಣ್ಣೆ ಲೆಕ್ಕಕ್ಕಿಲ್ಲ. ಉಗುರು ಬಣ್ಣ ತೆಗೆಯುವ ಅಸಿಟೋನ್ ಕರಗಿಸುತ್ತದೆ, ಆದರೆ ಪ್ಲಾಸ್ಟಿಕ್ ಗ್ಲಾಸಿಗೆ ತಾಗಿದರೆ ಗ್ಲಾಸ್ ಹಾಳು. ನಿಮ್ಮದು ಲೋಹದ ಫ್ರೇಮ್ ಆದ್ದರಿಂದ ಬಿಸಿಯೇ ಒಳ್ಳೆಯದು. ಬಿಸಿಗೆ ಆ ಅಂಟು ಸಡಿಲವಾಗುತ್ತದೆ.

ಮೊದಲು ಉಂಗುರದ ಸ್ಕ್ರೂ ಬಿಚ್ಚಿ ಗ್ಲಾಸ್ ತೆಗೆದಿಡಿ, ಇಲ್ಲದಿದ್ದರೆ ಬಿಸಿಗೆ ಅದರ ಲೇಪ ಬಿರುಕು ಬಿಡುತ್ತದೆ. ಬಿಟ್ಟಿದ್ದ ಎಣ್ಣೆಯನ್ನು ಒರೆಸಿ. ಕೆಳಗಿನ ಬಿಳಿ ಅಂಟನ್ನು ಸೂಜಿಯಲ್ಲಿ ಕೆರೆಯಿರಿ. ಸೋಲ್ಡರಿಂಗ್ ಐರನ್ ತುದಿಯನ್ನು ಸ್ಕ್ರೂ ತಲೆಗೆ ನಾಲ್ಕೈದು ಸೆಕೆಂಡ್ ಮುಟ್ಟಿಸಿ. ಕಿಟಕಿ ತೆರೆದಿರಲಿ, ಆ ಹೊಗೆ ಕಣ್ಣುರಿಸುತ್ತದೆ. ಐದಾರು ಸೆಕೆಂಡ್ ಬಿಟ್ಟು, ಇನ್ನೂ ಬೆಚ್ಚಗಿರುವಾಗಲೇ ಬಲೂನ್ ತುಂಡಿಟ್ಟು ಡ್ರೈವರನ್ನು ನೆಟ್ಟಗೆ ಒತ್ತಿ. ನೂರರಲ್ಲಿ ಎಂಬತ್ತು ಪಾಲು ಒತ್ತಡ, ಇಪ್ಪತ್ತು ಪಾಲು ತಿರುಗಿಸುವುದು. ಕೀಲನ್ನು ಮರದ ತುಂಡಿನ ಮೇಲಿಡಿ, ಕೈಯಲ್ಲಿ ಹಿಡಿದು ಒತ್ತಬೇಡಿ.

ಒಂದು ಸುತ್ತಿಗೆ ಕಾಲು ಮಿಲಿಮೀಟರಿನ ಆಸುಪಾಸು ಮೇಲೆ ಬರುತ್ತದೆ. ಎರಡು ಸುತ್ತು ಬಂದರೆ ಚಿಮಟ ಸಾಕು. ತಲೆಯ ಅಂಚನ್ನು ಎರಡು ಕಡೆಯಿಂದ ಹಿಡಿದು ತಿರುಗಿಸಿ, ಮೇಲಕ್ಕೆ ಎಳೆಯಬೇಡಿ.

ಸೋಲ್ಡರ್_ತೀರ್ಥಹಳ್ಳಿ:
ಚಿಮಟ ಅಂದಾಗ ನೆನಪಾಯ್ತು. ನನ್ನ ಹತ್ತಿರ ಹನ್ನೊಂದು ಇವೆ, ಬಾಗಿದ ತುದಿ, ಚಪ್ಪಟೆ ತುದಿ, ಸೆರಾಮಿಕ್ ಎಲ್ಲಾ. ಜೊತೆಗೆ ಬಿಸಿ ಎಷ್ಟು ಬೇಕೋ ಅಷ್ಟಕ್ಕೇ ಇಡುವ ಸ್ಟೇಷನ್, ಮೇಲೆ ಮೈಕ್ರೋಸ್ಕೋಪ್. ಫೋಟೋ ಹಾಕಲಾ?

ಗಡಿಯಾರ_ರಿಪೇರಿ:
ಸೂಜಿ ತುದಿಯದ್ದು ಬೇಡ. ಅದು ಬಾಗುತ್ತದೆ, ಸ್ಕ್ರೂ ಹಾರುತ್ತದೆ. ಗಟ್ಟಿ ಉಕ್ಕಿನದು, ತುದಿ ಸ್ವಲ್ಪ ಮೊಂಡಾಗಿದ್ದರೆ ಒಳ್ಳೆಯದು.

ಹೊಸನಗರ_ತೋಟ:
ಬಂತು!! ಕರೆಂಟ್ ಇದ್ದ ಅರ್ಧ ಗಂಟೆಯಲ್ಲಿ ಮಾಡಿ ಮುಗಿಸಿದೆ. ಮೊದಲ ಸಲ ಬಿಸಿ ಸಾಲಲಿಲ್ಲ. ಎರಡನೇ ಸಲ ತಲೆ ಮುಟ್ಟಿಸಿದಾಗ ಹುಳಿ ವಾಸನೆ ಬಂತು, ಒತ್ತಿ ತಿರುಗಿಸಿದರೆ ಟಿಕ್ ಅಂತ ಬಿಟ್ಟಿತು. ಒಂದೂವರೆ ಸುತ್ತಿಗೆ ಬಲೂನ್ ಹರಿಯಿತು. ಆಮೇಲೆ ಹೆಂಡತಿಯ ಹುಬ್ಬಿನ ಚಿಮಟದಲ್ಲಿ ಹಿಡಿದು ತಿರುಗಿಸಿದೆ. ಕೆಳಗೆ ಬಿಳಿ ಪಂಚೆ ಹಾಸಿದ್ದರಿಂದ ಸ್ಕ್ರೂ ಕಳೆಯಲಿಲ್ಲ. ತಿರುಗಿಸಿದ್ದು ಮುಳ್ಳಿಗೆ ವಿರುದ್ಧವೇ, ಮೇಷ್ಟ್ರೇ.

ಈಗ ಹೊಸ ತೊಂದರೆ. ಪೆಟ್ಟಿಗೆಯಲ್ಲಿದ್ದ 1.4ರ ಹೊಸ ಸ್ಕ್ರೂ ಹಾಕಿದರೆ ಕೊನೆಯಲ್ಲಿ ಬಿಗಿಯೇ ಆಗ್ತಿಲ್ಲ, ಸುಮ್ನೆ ಸುತ್ತುತ್ತದೆ.

ಗಡಿಯಾರ_ರಿಪೇರಿ:
ಹಳೆಯ ಸ್ಕ್ರೂ 1.4ರದ್ದೇ ಅಂತ ಅಳೆದಿದ್ದೀರಾ? ಅದರ ಮರೆಯಲ್ಲಿ ಹಿತ್ತಾಳೆ ಬಣ್ಣದ ಚೂರು ಅಂಟಿದೆಯಾ? ಇದ್ದರೆ ಬಳೆಯ ಮರೆ ಕಿತ್ತು ಬಂದಿದೆ, 1.6 ಹಾಕಿ ನೋಡಬೇಕು.

ಮೇಷ್ಟ್ರು_ಸಾಗರ:
ನಿಮ್ಮ ಫ್ರೇಮ್ ಹಾಗಿರಬಹುದು. ನನ್ನದು ಉಲ್ಟಾನೇ.

ಸೋಲ್ಡರ್_ತೀರ್ಥಹಳ್ಳಿ:
ಫೋಟೋ ಹಾಕಿದ್ದೇನೆ ನೋಡಿ. ಎಡದಿಂದ ಮೂರನೆಯದು ಸೆರಾಮಿಕ್.

ಹೊಸನಗರ_ತೋಟ:
ಅಳೆಯಲು ಏನೂ ಇಲ್ಲ ಇಲ್ಲಿ. ಬರಿಗಣ್ಣಿಗೆ ಹಿತ್ತಾಳೆಯೋ ಅಂಟೋ ಗೊತ್ತಾಗ್ತಿಲ್ಲ, ಕನ್ನಡಕ ಬಿಚ್ಚಿಟ್ಟಿದ್ದೇನಲ್ಲ. ಮಗ ಸಂಜೆ ಬಂದ ಮೇಲೆ ನೋಡಿ ಹೇಳ್ತೇನೆ. ಸದ್ಯಕ್ಕೆ ತಾಮ್ರದ ತಂತಿ ತೂರಿಸಿ ತಿರುಚಿದ್ದೇನೆ.