ಸಹಾಯ ಬೇಕು: ಬಹುಹಂತದ ಮಾದರಿ ಆಯ್ಕೆಗೆ ಸಮರ್ಥನೆ

ರಾಯಚೂರು ಜಿಲ್ಲೆಯ ಗ್ರಾಮೀಣ ಮನೆಗಳ ಸಾಲದ ಸಮೀಕ್ಷೆಯ ಪ್ರಬಂಧಕ್ಕೆ ವಿಧಾನದ ಅಧ್ಯಾಯ ಬರೆಯುತ್ತಿದ್ದೇನೆ. ಇಡೀ ಜಿಲ್ಲೆಯ ಮನೆಗಳ ಇಂದಿನ ಪಟ್ಟಿ ಸಿಗದ ಕಾರಣ ನೇರ ಯಾದೃಚ್ಛಿಕ ಆಯ್ಕೆ ಆಗದು. ಹಾಗಾಗಿ 2011ರ ಜನಗಣತಿಯ ಮನೆಸಂಖ್ಯೆಗೆ ಅನುಪಾತವಾಗಿ ಹಳ್ಳಿಗಳನ್ನು ಆರಿಸಿ, ಆಯ್ದ ಹಳ್ಳಿಯಲ್ಲಿ ಹೊಸದಾಗಿ ಮನೆಪಟ್ಟಿ ಮಾಡಿ, ಕ್ರಮಬದ್ಧವಾಗಿ 20 ಮನೆ ತೆಗೆಯುವ ಯೋಜನೆ.

ಒಂದೇ ಹಳ್ಳಿಯ ಮನೆಗಳು ಒಂದನ್ನೊಂದು ಹೋಲುತ್ತವೆ. ಸಹಸಂಬಂಧ 0.05 ಎಂದಿಟ್ಟರೆ ವಿನ್ಯಾಸ ಪರಿಣಾಮ 1 + 19 × 0.05 = 1.95. ಆಗ ಸರಳ ಯಾದೃಚ್ಛಿಕ ಆಯ್ಕೆಗೆ ಸಾಕಾಗುತ್ತಿದ್ದ 384 ಮನೆ ಸಾಲದು, ಸುಮಾರು 750 ಬೇಕು, ಅಂದರೆ 38 ಹಳ್ಳಿ. ಹಳ್ಳಿಗೆ 10 ಮನೆಯಾದರೆ 560 ಸಾಕು, ಆದರೆ 56 ಹಳ್ಳಿ ಸುತ್ತಬೇಕು. ಪಟ್ಟಿ ಮಾಡುವ ಖರ್ಚೇ ಹೆಚ್ಚು.

ಗೊಂದಲ ಎರಡು. ಮಾರ್ಗದರ್ಶಕರು ಮೊದಲ ಹಂತದಲ್ಲಿ ಎರಡೇ ತಾಲ್ಲೂಕು ಆರಿಸಿ ಎನ್ನುತ್ತಾರೆ. ನೀರಾವರಿಯ ಸಿಂಧನೂರು, ಒಣಭೂಮಿ ಹೆಚ್ಚಿರುವ ದೇವದುರ್ಗ ಬೇರೆಬೇರೆ ಲೋಕ; ಎರಡರಿಂದ ಜಿಲ್ಲೆಯ ಅಂದಾಜು ತೀರಾ ಅಸ್ಥಿರವಾಗುತ್ತದೆ. ತಾಲ್ಲೂಕುಗಳನ್ನೆಲ್ಲ ಸ್ತರಗಳಾಗಿ ಇಟ್ಟುಕೊಳ್ಳುವುದೇ ಸರಿ ಅನಿಸುತ್ತದೆ. ಇದನ್ನು ಹೇಗೆ ವಾದಿಸಲಿ?

ಇನ್ನೊಂದು, ಗಣತಿಯಲ್ಲಿ 200 ಮನೆಯಿದ್ದ ಹಳ್ಳಿಯಲ್ಲಿ ಈಗ 300 ಇದ್ದರೆ ಅಲ್ಲಿನ ಮನೆಗಳ ತೂಕ ಒಂದೂವರೆ ಪಟ್ಟಾಗುತ್ತದಲ್ಲ? ಈ ತಿದ್ದುಪಡಿಯನ್ನು ವಿಧಾನದಲ್ಲೇ ಬರೆಯಬೇಕೋ, ವಿಶ್ಲೇಷಣೆಯಲ್ಲೋ? 0.05ಕ್ಕೆ ಆಧಾರವಾಗಿ ಪೂರ್ವ ಸಮೀಕ್ಷೆ ಸಾಕೇ, ತಿಳಿದವರು ಹೇಳಿ.